ಕ್ಯೂ ಎಷ್ಟುದ್ದ, ಕಾದದ್ದೆಷ್ಟು ಹೊತ್ತು?

ಆನ್‌ಲೈನ್ ಅಂಗಡಿಯಲ್ಲಿ ಆರ್ಡರ್ ಕೊಟ್ಟಾಗ ಬರುವ ಎಸ್ಸೆಮ್ಮೆಸ್ ಸಾಮಾನ್ಯವಾಗಿ ನೇರವಾಗಿ ಹೊರಡುವುದಿಲ್ಲ. ಮೊದಲು ಕ್ಯೂ ಸೇರುತ್ತದೆ. ಹಿನ್ನೆಲೆಯ ಪ್ರೋಗ್ರಾಂಗಳು ಒಂದೊಂದನ್ನೇ ಎತ್ತಿ ಕಳಿಸುತ್ತವೆ.

ಕ್ಯೂನಲ್ಲಿ 10,000 ಸಂದೇಶಗಳಿವೆ ಎಂದರೆ ಗಾಬರಿಯಾಗಬೇಕೆ? ಸೆಕೆಂಡಿಗೆ 500 ಕಳಿಸುವ ವ್ಯವಸ್ಥೆಗೆ ಅದು 20 ಸೆಕೆಂಡಿನ ಕೆಲಸ. ಸೆಕೆಂಡಿಗೆ ಒಂದನ್ನಷ್ಟೇ ಕಳಿಸುವಲ್ಲಿ ಬರೀ 300 ಇದ್ದರೂ ಐದು ನಿಮಿಷ ಬೇಕು. ಉದ್ದವೊಂದನ್ನೇ ನೋಡಿದರೆ ಗ್ರಾಹಕ ಎಷ್ಟು ಹೊತ್ತು ಕಾಯುತ್ತಾನೆಂದು ತಿಳಿಯದು. ಅದಕ್ಕೇ ಎರಡನೆಯ ಅಳತೆ: ಅತಿ ಹಳೆಯ ಸಂದೇಶದ ವಯಸ್ಸು.

ಹಬ್ಬದ ಮಾರಾಟದ ದಿನ ಸೆಕೆಂಡಿಗೆ 100 ಸಂದೇಶ ಬರುತ್ತಿವೆ, 80 ಮಾತ್ರ ಹೋಗುತ್ತಿವೆ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ಬಾಕಿ 12,000. ಬಂದ ಕ್ರಮದಲ್ಲೇ ಕಳಿಸುತ್ತಿದ್ದರೆ ಮುಂಚೂಣಿಯ ಸಂದೇಶಕ್ಕೆ ಆಗ ಎರಡು ನಿಮಿಷದ ವಯಸ್ಸು. ಅಂದರೆ ಪ್ರತಿ ನಿಮಿಷಕ್ಕೆ 12 ಸೆಕೆಂಡಿನಂತೆ ವ್ಯವಸ್ಥೆ ಹಿಂದೆ ಬೀಳುತ್ತಿದೆ. ವಯಸ್ಸು ನಿಮಿಷಕ್ಕೆ ಒಂದು ನಿಮಿಷವೇ ಏರಿದರೆ ಮುಂದಿನ ಸಂದೇಶ ಅಲುಗಾಡುತ್ತಲೇ ಇಲ್ಲ. ಆಗ ಉದ್ದವೂ ಬೆಳೆಯುತ್ತಿದ್ದರೆ ಕೆಲಸವೇ ನಿಂತಿರಬಹುದು. ಉದ್ದ ಚಿಕ್ಕದಾಗಿಯೇ ಇದ್ದರೆ ಅನುಮಾನ ಬೇರೆ: ತಪ್ಪು ನಂಬರಿನಂಥ ಒಂದೇ ಸಂದೇಶ ಮತ್ತೆ ಮತ್ತೆ ವಿಫಲವಾಗುತ್ತಿದೆ, ಉಳಿದವು ಪಕ್ಕದಿಂದ ಸಾಗುತ್ತಿವೆ.

ಅಮೆಜಾನ್‌ನ ಎಸ್‌ಕ್ಯೂಎಸ್ ಸೇವೆಯಲ್ಲಿ ಈ ಅಳತೆಗೆ `ApproximateAgeOfOldestMessage` ಎಂದು ಹೆಸರು. ಅಲ್ಲಿ ಬೇರೆ ಸೂಚನೆ ಕೊಡದಿದ್ದರೆ ಸಂದೇಶಗಳು ಉಳಿಯುವುದು ನಾಲ್ಕೇ ದಿನ. ವಯಸ್ಸು ಆ ಗಡಿ ಮುಟ್ಟಿದ ಮೇಲೆ ಕ್ಯೂ ಕುಗ್ಗತೊಡಗಿದರೆ ಹಿಗ್ಗಬೇಡಿ. ಸಂದೇಶಗಳು ತಲುಪುತ್ತಿಲ್ಲ, ಅಳಿಸಿಹೋಗುತ್ತಿವೆ.