ಕಣ್ಣೆದುರಿನ ಚೆಂಡು ಬೆಕ್ಕಿಗೆ ಕಾಣದೇಕೆ?

ಬೆಕ್ಕು ಸಾಕಿದವರೆಲ್ಲ ನೋಡಿರುವ ಸಂಗತಿ ಇದು. ಉರುಳುವ ಕೆಂಪು ಚೆಂಡಿನ ಹಿಂದೆ ಬೆಕ್ಕು ಓಡುತ್ತದೆ. ಚೆಂಡು ನಿಂತೊಡನೆ ಅದೂ ಗಕ್ಕನೆ ನಿಲ್ಲುತ್ತದೆ. ಮೂತಿಯಿಂದ ಒಂದು ಗೇಣು ದೂರದಲ್ಲೇ ಚೆಂಡು ಬಿದ್ದಿದ್ದರೂ ಬೆಕ್ಕು ಅತ್ತ ನೋಡುತ್ತದೆ, ಇತ್ತ ನೋಡುತ್ತದೆ, ಕೊನೆಗೆ ಏನೂ ಆಗಿಲ್ಲವೆಂಬಂತೆ ಕೂತು ಕಾಲು ನೆಕ್ಕಿಕೊಳ್ಳುತ್ತದೆ. ಕತ್ತಲಲ್ಲಿ ಇಲಿ ಹಿಡಿಯುವ ಪ್ರಾಣಿಗೆ ಪಟ್ಟಪಗಲಲ್ಲಿ ಚೆಂಡು ಸಿಗದೇ ಹೋಗುವುದೆಂದರೇನು?

ಬೆಕ್ಕಿನ ಕಣ್ಣಿಗೆ ಮೂರು ಮಿತಿಗಳಿವೆ. ಒಂದು ಬಣ್ಣದ್ದು, ಇನ್ನೊಂದು ತೀರಾ ಹತ್ತಿರದ ನೋಟದ್ದು, ಮೂರನೆಯದು ಕದಲದ ವಸ್ತುವಿನದ್ದು. ಬೇರೆ ಬೇರೆಯಾಗಿದ್ದಾಗ ಇವುಗಳಿಂದ ಬೆಕ್ಕಿಗೆ ದೊಡ್ಡ ತೊಂದರೆಯಿಲ್ಲ. ನೆಲದ ಮೇಲೆ ನಿಂತ ಆಟಿಕೆಯ ವಿಷಯದಲ್ಲಿ ಮೂರೂ ಒಟ್ಟಿಗೆ ಬಂದು ಸೇರುತ್ತವೆ.

ಮೊದಲು ಬಣ್ಣ ನೋಡೋಣ. ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಅಕ್ಷಿಪಟದಲ್ಲಿ ಮೂರು ಬಗೆಯವು. ಬೆಕ್ಕಿನ ಬಣ್ಣದ ನೋಟ ನಡೆಯುವುದು ಮುಖ್ಯವಾಗಿ ಎರಡೇ ಬಗೆಯಿಂದ. ಒಂದು ಬಗೆ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ಇನ್ನೊಂದು 555ರ ಆಸುಪಾಸಿನ ಹಳದಿ-ಹಸಿರಿಗೆ. ಕೆಂಪು ಚೆಂಡಿನಿಂದ ಬರುವ ಬೆಳಕು ಹೆಚ್ಚಾಗಿ 600ಕ್ಕಿಂತ ಮೇಲಿನದು. ಅದು ಎರಡನೆಯ ಬಗೆಯ ಕೋಶವನ್ನು ಅಷ್ಟಿಷ್ಟು ಮುಟ್ಟುತ್ತದೆಯೇ ಹೊರತು ಬೇರೊಂದು ಬಣ್ಣವಾಗಿ ಎದ್ದು ನಿಲ್ಲುವುದಿಲ್ಲ. ಹಾಗಾಗಿ ನಮಗೆ ಕಣ್ಣು ಕುಕ್ಕುವ ಕೆಂಪು ಬೆಕ್ಕಿಗೆ ಮಂಕಾದ, ಕಪ್ಪಿಗೆ ತಿರುಗಿದ ಬಣ್ಣ. ಹಸಿರು ಚಾಪೆಯ ಮೇಲಿನ ಕೆಂಪು ಚೆಂಡನ್ನು ನಾವು ಬಾಗಿಲಲ್ಲಿ ನಿಂತೇ ಗುರುತಿಸುತ್ತೇವೆ. ಬೆಕ್ಕಿಗೆ ಅಲ್ಲಿ ಉಳಿಯುವುದು ಹೊಳಪಿನ ಸ್ವಲ್ಪ ವ್ಯತ್ಯಾಸ ಮಾತ್ರ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಆ ವ್ಯತ್ಯಾಸವೂ ಇಲ್ಲವಾಗಬಹುದು. ಅದೇ ನೆಲದ ಮೇಲೆ ನೀಲಿ ಚೆಂಡು ಇಟ್ಟರೆ ಕಥೆಯೇ ಬೇರೆ.

ಬಣ್ಣದಲ್ಲಿ ಕಳೆದುಕೊಂಡದ್ದನ್ನು ಬೆಕ್ಕು ಕತ್ತಲಲ್ಲಿ ಗಳಿಸಿಕೊಂಡಿದೆ. ಅದರ ಅಕ್ಷಿಪಟದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳದ್ದೇ ಕಾರುಬಾರು. ಅವುಗಳ ಹಿಂದೆ ಹೊಳೆಯುವ ಒಂದು ಪದರವಿದೆ. ಕೋಶಗಳ ನಡುವೆ ತಪ್ಪಿಸಿಕೊಂಡು ಹೋದ ಬೆಳಕನ್ನು ಅದು ಹಿಂದಕ್ಕೆ ಕಳಿಸಿ ಮತ್ತೊಂದು ಅವಕಾಶ ಕೊಡುತ್ತದೆ. ರಾತ್ರಿ ಟಾರ್ಚ್ ಬಿಟ್ಟರೆ ಮಿನುಗುವುದು ಇದೇ ಪದರ. ನಮಗೆ ಬೇಕಾಗುವ ಬೆಳಕಿನ ಆರನೇ ಒಂದು ಭಾಗವಿದ್ದರೂ ಬೆಕ್ಕಿಗೆ ಸಾಕು. ಆದರೆ ಬೆಳಕನ್ನು ಒಟ್ಟುಗೂಡಿಸುವ ಈ ಏರ್ಪಾಟಿನಲ್ಲಿ ಚಿತ್ರದ ಸ್ಪಷ್ಟತೆಗೆ ಪೆಟ್ಟು ಬೀಳುತ್ತದೆ. ನಾವು 30 ಮೀಟರ್ ದೂರದಿಂದ ಬಿಡಿಸಿ ನೋಡಬಲ್ಲ ವಿವರಕ್ಕೆ ಬೆಕ್ಕು ಸುಮಾರು 6 ಮೀಟರ್ ಹತ್ತಿರ ಬರಬೇಕು, ಕೆಲವೊಮ್ಮೆ ಇನ್ನೂ ಹತ್ತಿರ.

ಹಾಗೆಂದು ತೀರಾ ಹತ್ತಿರ ಬಂದರೂ ಕಷ್ಟವೇ. ಓದುವಾಗ ನಮ್ಮ ಕಣ್ಣಿನ ಮಸೂರ ಉಬ್ಬಿ ಹತ್ತಿರದ ಅಕ್ಷರದ ಮೇಲೆ ನೋಟ ನೆಡುತ್ತದೆ. ಬೆಕ್ಕಿನ ಮಸೂರಕ್ಕೆ ಆ ಸಾಮರ್ಥ್ಯ ಕಡಿಮೆ. ಸುಮಾರು 25 ಸೆಂಟಿಮೀಟರ್‌ಗಿಂತ, ಅಂದರೆ ಒಂದು ಗೇಣಿಗಿಂತ ಹತ್ತಿರದ ವಸ್ತು ಅದಕ್ಕೆ ಮಸುಕು. ನಿಂತ ಬೆಕ್ಕಿನ ಕಣ್ಣು ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಮುಂಗಾಲ ಬಳಿ ಬಿದ್ದ ಚೆಂಡನ್ನು ನೋಡಲು ಅದು ತಲೆ ಬಗ್ಗಿಸಿದಷ್ಟೂ ಚೆಂಡು ಮಸುಕಿನೊಳಗೆ ಸರಿಯುತ್ತದೆ. ಬೇಟೆಯಲ್ಲಿ ಇದರಿಂದ ನಷ್ಟವಿಲ್ಲ. ಎರಗುವ ಹೊತ್ತಿಗೆ ಬೆಕ್ಕಿನ ಮೀಸೆಗಳು ಮುಂದಕ್ಕೆ ಚಾಚಿಕೊಳ್ಳುತ್ತವೆ, ಇಲಿ ಬಾಯಿಯ ಮುಂದೆ ಎಲ್ಲಿದೆ ಎಂಬುದನ್ನು ಅವು ಮುಟ್ಟಿ ತಿಳಿಸುತ್ತವೆ. ಇಲಿ ಮಿಸುಕುತ್ತದೆ, ವಾಸನೆಯೂ ಬರುತ್ತದೆ. ಪ್ಲಾಸ್ಟಿಕ್ ಚೆಂಡು ಇದ್ಯಾವುದನ್ನೂ ಮಾಡುವುದಿಲ್ಲ.

ಮಿಸುಕುವಿಕೆಗೆ ಎಷ್ಟು ಬೆಲೆಯಿದೆ ಎಂಬುದು ಒಂದು ಪ್ರಯೋಗಾಲಯದಲ್ಲಿ ಅನಿರೀಕ್ಷಿತವಾಗಿ ಗೊತ್ತಾಯಿತು. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿನ ಒಂದೊಂದೇ ನರಕೋಶದ ಸದ್ದನ್ನು ಆಲಿಸುತ್ತಿದ್ದರು. ಗಾಜಿನ ಸ್ಲೈಡಿನ ಮೇಲೆ ಕಪ್ಪು ಚುಕ್ಕೆಯಿಟ್ಟು ಪರದೆಯ ಮೇಲೆ ಎಷ್ಟು ತೋರಿಸಿದರೂ ಒಂದು ಕೋಶ ಸುಮ್ಮನಿತ್ತು. ಸ್ಲೈಡನ್ನು ಯಂತ್ರದೊಳಗೆ ತಳ್ಳುವಾಗ ಮಾತ್ರ ಅದು ಪಟಪಟನೆ ಸಿಡಿಯಿತು. ಕಾರಣ ಚುಕ್ಕೆಯಲ್ಲ, ಗಾಜಿನ ಅಂಚಿನ ತೆಳು ನೆರಳು ಒಂದು ಓರೆಯಲ್ಲಿ ಪರದೆಯ ಮೇಲೆ ಸರಿದದ್ದು. ಮಿದುಳಿನ ನೋಟದ ಭಾಗದ ಹಲವು ಕೋಶಗಳು ಹೀಗೆ ನಿರ್ದಿಷ್ಟ ಓರೆಯ, ನಿರ್ದಿಷ್ಟ ದಿಕ್ಕಿಗೆ ಸರಿಯುವ ಅಂಚಿಗೆ ಎಚ್ಚರಗೊಳ್ಳುತ್ತವೆಂದು ಮುಂದೆ ಖಚಿತವಾಯಿತು. 1981ರಲ್ಲಿ ಅವರಿಬ್ಬರಿಗೂ ನೊಬೆಲ್ ಪುರಸ್ಕಾರ ಬಂತು. ಇಂಥ ಕೋಶಗಳು ನಮ್ಮಲ್ಲೂ ಇವೆ. ಆದರೆ ನಿಂತ ವಸ್ತುವನ್ನು ಗುರುತಿಸಲು ನಮಗೆ ಚುರುಕಾದ ಬಣ್ಣ, ಸ್ಪಷ್ಟ ವಿವರ ಎರಡೂ ಆಸರೆಯಾಗುತ್ತವೆ. ಬೆಕ್ಕಿಗೆ ಆ ಎರಡೂ ಆಸರೆ ಕಮ್ಮಿ.

ಚಲನೆಯಲ್ಲೂ ಬೆಕ್ಕಿನ ಕಣ್ಣು ವೇಗಕ್ಕೆ ಒಗ್ಗಿದ್ದು. ತೀರಾ ನಿಧಾನವಾಗಿ ಸರಿಯುವುದನ್ನು ಹಿಡಿಯುವಲ್ಲಿ ಅದು ನಮಗಿಂತ ಬಹಳ ಹಿಂದೆ. ಎರಡು ಮೀಟರ್ ದೂರದಲ್ಲಿ ಬೆಕ್ಕಿನ ಮುಂದೆ ಅಡ್ಡಲಾಗಿ ಚೆಂಡು ಉರುಳಿಸಿದಿರಿ ಎನ್ನಿ. ಶುರುವಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗವಿದ್ದರೆ ಚೆಂಡು ಅದರ ನೋಟದಲ್ಲಿ ಸೆಕೆಂಡಿಗೆ 25 ಡಿಗ್ರಿಗೂ ಹೆಚ್ಚು ಸರಿಯುತ್ತದೆ. ಓಡುವ ಇಲಿಗೆ ಒಪ್ಪುವ ವೇಗ ಅದು, ಬೆಕ್ಕು ಬಿಡುವ ಮಾತೇ ಇಲ್ಲ. ಉರುಳು ಮುಗಿಯುವ ಹೊತ್ತಿಗೆ ವೇಗ ಸೆಕೆಂಡಿಗೆ ಮೂರು ಸೆಂಟಿಮೀಟರ್‌ಗೆ ಇಳಿದಿರುತ್ತದೆ, ಅಂದರೆ ಒಂದು ಡಿಗ್ರಿಗಿಂತ ಕಡಿಮೆ. ನಮಗೆ ಚೆಂಡು ಇನ್ನೂ ಉರುಳುತ್ತಿದೆ, ಬೆಕ್ಕಿನ ಪಾಲಿಗೆ ಬಹುಶಃ ಆಗಲೇ ನಿಂತಿದೆ. ಅಷ್ಟರಲ್ಲಿ ಬೆಕ್ಕು ಓಡಿ ಬಂದು ಮೇಲೆಯೇ ನಿಂತಿರುತ್ತದೆ. ಹೀಗೆ ಸುಳಿವು ಒಂದೊಂದಾಗಿ ಕೈಬಿಡುತ್ತದೆ.

ನಿಂತ ವಸ್ತು ಬೆಕ್ಕಿಗೆ ಕಾಣುವುದೇ ಇಲ್ಲ ಎಂದಲ್ಲ. ಬಿಳಿ ಟೈಲ್ಸ್ ಮೇಲಿನ ಕಪ್ಪು ಚೆಂಡು ಒಂದೆರಡು ಮೀಟರ್ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಬೆಕ್ಕಿಗೆ ಅಡ್ಡಿಯಾದದ್ದು ಯಾವುದೆಂದು ತಿಳಿಯಬೇಕಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ಕೆಂಪು ಚೆಂಡನ್ನು ಬಿಳಿ ಬಟ್ಟೆಯ ಮೇಲೆ ಉರುಳಿಸಿ. ನಿಂತ ಚೆಂಡನ್ನು ಒಂದು ಮೀಟರ್ ಆಚೆಗೆ ಇಡಿ. ದಾರ ಕಟ್ಟಿ ಚಕ್ಕನೆ ಒಮ್ಮೆ ಎಳೆಯಿರಿ. ಎಲ್ಲ ಮಾಡಿದ ಮೇಲೂ ಬೆಕ್ಕು ತಿರುಗಿ ನೋಡದಿದ್ದರೆ ಅದಕ್ಕೆ ಆಟ ಸಾಕಾಗಿರಲೂಬಹುದು.

ಕಣ್ಣೇ ಕೆಟ್ಟಿದೆಯೋ ಎಂಬ ಅನುಮಾನ ಬಂದರೆ ಪಶುವೈದ್ಯರು ಹತ್ತಿಯ ಉಂಡೆಯಿಂದ ನೋಡುತ್ತಾರೆ. ಬೆಕ್ಕಿನ ಮುಂದೆ, ಸ್ವಲ್ಪ ದೂರದಲ್ಲಿ, ಅದನ್ನು ಮೇಲಿಂದ ಬೀಳಿಸುತ್ತಾರೆ. ಹತ್ತಿ ಸದ್ದು ಮಾಡುವುದಿಲ್ಲ, ಗಾಳಿಯನ್ನೂ ಅಲುಗಿಸುವುದಿಲ್ಲ, ಹಾಗಾಗಿ ಕಣ್ಣಿಗಷ್ಟೇ ಪರೀಕ್ಷೆ. ದೃಷ್ಟಿಯಿರುವ ಬೆಕ್ಕು ಸಾಮಾನ್ಯವಾಗಿ ಬೀಳುವ ಉಂಡೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತದೆ, ನೆಲಕ್ಕೆ ಬಿದ್ದ ಮೇಲೆ ಬೇಕಾದರೆ ಮರೆತುಬಿಡಲಿ. ಎರಡು ಮೂರು ಸಲ ಬೀಳಿಸಿದರೂ ಕಣ್ಣು ಅಲುಗದಿದ್ದರೆ, ಬಿಸಿಲಲ್ಲೂ ಪಾಪೆ ಅಗಲವಾಗಿಯೇ ಉಳಿದರೆ, ಜಾಗ ಬದಲಿಸಿದ ಕುರ್ಚಿಗೆ ಬೆಕ್ಕು ಹಾಯತೊಡಗಿದರೆ ತಡಮಾಡಬಾರದು. ವಯಸ್ಸಾದ ಬೆಕ್ಕಿನಲ್ಲಿ ರಕ್ತದೊತ್ತಡ ಏರಿ ಅಕ್ಷಿಪಟ ಕಳಚಿಕೊಳ್ಳುವುದುಂಟು. ಬೇಗ ಔಷಧ ಸಿಕ್ಕರೆ ಕೆಲವೊಮ್ಮೆ ನೋಟ ಉಳಿಯುತ್ತದೆ. ವರ್ಷಗಟ್ಟಲೆ ಬರೀ ಹಾಲು-ಅನ್ನದಲ್ಲಿ ಬೆಳೆದ ಬೆಕ್ಕಿಗೆ ಮೀನು, ಮಾಂಸದಿಂದ ಸಿಗುವ ಟಾರಿನ್ ಕೊರತೆಯಾಗಿ ಅಕ್ಷಿಪಟ ಸವೆಯಬಹುದು. ಸವೆದದ್ದು ಮರಳಿ ಬಾರದಿದ್ದರೂ ಆಹಾರ ಸರಿಪಡಿಸಿದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು.