ಸಹಿ ಹದಿನೆಂಟು, ಕೋರಂ ಇಲ್ಲ

ಮುಂಬೈಯ ಹೌಸಿಂಗ್ ಸೊಸೈಟಿಗಳಿಗೆ ಸೆಪ್ಟೆಂಬರ್ ಮಹಾಸಭೆಯ ತಿಂಗಳು. ವಾರ್ಷಿಕ ಸಭೆಯನ್ನು 30ನೇ ತಾರೀಕಿನೊಳಗೆ ಮುಗಿಸಬೇಕು. ಬಾಗಿಲ ಬಳಿಯ ಹಾಜರಿ ಪುಸ್ತಕದಲ್ಲಿ ಸಹಿಗಳು ತುಂಬಿದರೆ ಸಾಕು, ಸಭೆ ಶುರು ಮಾಡಬಹುದು ಎಂದು ಎಷ್ಟೋ ಕಾರ್ಯದರ್ಶಿಗಳು ಭಾವಿಸುತ್ತಾರೆ. ಆದರೆ ಕೋರಂಗೆ ಬೇಕಾದದ್ದು ಸಹಿಗಳ ಲೆಕ್ಕವಲ್ಲ, ಸದಸ್ಯರ ಲೆಕ್ಕ.

ಮಹಾರಾಷ್ಟ್ರದ ಮಾದರಿ ಬೈಲಾದಂತೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಅಥವಾ 20 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಕೋರಂ. 60 ಸದಸ್ಯರಿರುವ ಕಟ್ಟಡಕ್ಕೆ 20 ಜನ ಸಾಕು. 24 ಸದಸ್ಯರ ಸಣ್ಣ ಸೊಸೈಟಿಗೆ 16 ಮಂದಿ ಬೇಕು. ಹಾಗಾಗಿ ತೊಂದರೆ ಹೆಚ್ಚಾಗಿ ಸಣ್ಣ ಕಟ್ಟಡಗಳಿಗೇ.

ಆ 24 ಸದಸ್ಯರ ಸೊಸೈಟಿಯನ್ನೇ ತೆಗೆದುಕೊಳ್ಳೋಣ. ಸಭೆ ಬೆಳಿಗ್ಗೆ ಹತ್ತೂವರೆಗೆ. ಪುಸ್ತಕದಲ್ಲಿ 18 ಸಹಿಗಳಿವೆ. ಸದಸ್ಯರ ರಿಜಿಸ್ಟರ್ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಫ್ಲ್ಯಾಟಿನ ಜಂಟಿ ಒಡೆಯರಾದ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದ್ದಾರೆ. ಅದು ಒಂದೇ ಎಣಿಕೆ. ಇನ್ನೊಂದು ಸಹಿ ಬಾಡಿಗೆದಾರರದ್ದು. ಮತ್ತೊಂದು, ಊರಿಗೆ ಹೋದ ತಂದೆಯ ಪರವಾಗಿ ಪತ್ರ ಹಿಡಿದು ಬಂದ ಮಗನದ್ದು. ಮಗ ಸದಸ್ಯನಲ್ಲ, ಅಧಿಕಾರ ಪತ್ರವಾಗಲಿ ಪವರ್ ಆಫ್ ಅಟಾರ್ನಿಯಾಗಲಿ ಇಲ್ಲಿ ನಡೆಯದು. ಉಳಿದದ್ದು 15. ಕೋರಂಗೆ ಒಬ್ಬರು ಕಡಿಮೆ.

ಇಂಥ ಗೊಂದಲ ತಪ್ಪಿಸಲು ಖಾಲಿ ಹಾಳೆಯಲ್ಲಿ ಸಹಿ ಪಡೆಯುವುದನ್ನು ಬಿಡಬೇಕು. ಫ್ಲ್ಯಾಟ್ ಸಂಖ್ಯೆ, ಸದಸ್ಯರ ಹೆಸರು ಮೊದಲೇ ಬರೆದು, ಫ್ಲ್ಯಾಟಿಗೊಂದೇ ಸಾಲು ಇಟ್ಟು, ಸಹಿಯ ಜೊತೆ ಬಂದ ಸಮಯವನ್ನೂ ಬರೆಸಬೇಕು. ಫ್ಲ್ಯಾಟ್ ಕೊಂಡರೂ ಸದಸ್ಯತ್ವ ಇನ್ನೂ ವರ್ಗವಾಗದವರು ಬಂದರೆ ಅವರಿಗೆ ಬೇರೆ ಹಾಳೆ. ಸಭೆ ಮುಗಿದ ಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳುವುದು ಮಾತ್ರ ಖಂಡಿತ ಕೂಡದು. ನಾಳೆ ಯಾರಾದರೂ ರಿಜಿಸ್ಟ್ರಾರ್ ಬಳಿ ದೂರು ಕೊಟ್ಟರೆ ಮೊದಲು ಕೇಳುವುದು ಈ ಪುಸ್ತಕವನ್ನೇ.

ನಮ್ಮ 15 ಜನ ಈಗ ಏನು ಮಾಡಬೇಕು? ಅರ್ಧ ಗಂಟೆ ಕಾಯಬೇಕು. ಹನ್ನೊಂದರೊಳಗೆ ಇನ್ನೊಬ್ಬ ಸದಸ್ಯರು ಬಂದರೆ ಸಭೆ ಆರಂಭಿಸಬಹುದು. ಬಾರದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಎಲ್ಲಿಗೆ ಎಂಬುದನ್ನು ನಿರ್ಧರಿಸುವುದು ಹದಿನಾಲ್ಕು ದಿನ ಮೊದಲೇ ಹಂಚಿದ ನೋಟಿಸ್. "ಕೋರಂ ಇಲ್ಲದಿದ್ದರೆ ಇದೇ ದಿನ ಹನ್ನೊಂದೂವರೆಗೆ ಇದೇ ಜಾಗದಲ್ಲಿ ಸಭೆ ನಡೆಯುತ್ತದೆ" ಎಂಬ ಸಾಲು ಅದರಲ್ಲಿದ್ದರೆ, ಆ ಹೊತ್ತಿಗೆ ಮತ್ತೆ ಸೇರಿದವರು ಎಷ್ಟೇ ಇರಲಿ, ಸಭೆ ನಡೆಸಬಹುದು. ಆ ಸಾಲಿಲ್ಲದಿದ್ದರೆ ಅಂದು ಮನೆಗೆ ಹೋಗಬೇಕು. 7 ದಿನದ ನಂತರ, 30 ದಿನದ ಒಳಗೆ ಮತ್ತೆ ಸೇರಬೇಕು. ಆಗಲೂ ಕೋರಂ ಬೇಕಿಲ್ಲ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಸಭೆ ಕರೆದವರಿಗೆ ಗಡುವೇ ದಾಟಿಹೋಗುತ್ತದೆ.

ಇಷ್ಟೆಲ್ಲವೂ ನಡಾವಳಿಯಲ್ಲಿ ಇರಬೇಕು: ಹತ್ತೂವರೆಗೆ ಎಷ್ಟು ಸದಸ್ಯರಿದ್ದರು, ಯಾವಾಗ ಮುಂದೂಡಲಾಯಿತು, ಮತ್ತೆ ಆರಂಭವಾದದ್ದು ಎಷ್ಟಕ್ಕೆ. "ಸಾಕಷ್ಟು ಸದಸ್ಯರು ಹಾಜರಿದ್ದರು" ಎಂದು ಬರೆದರೆ ಅದು ದಾಖಲೆಯಾಗದು.

ಕರ್ನಾಟಕದ ಅಪಾರ್ಟ್‌ಮೆಂಟ್ ಸಂಘಗಳಲ್ಲಿರುವವರು ಈ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ, ಬೈಲಾದಲ್ಲಿ ಕೋರಂ ಎಷ್ಟು ಎಂದು ಈ ಸಲದ ನೋಟಿಸ್ ಬರೆಯುವ ಮುನ್ನವೇ ತೆರೆದು ನೋಡಿ.