18,000 ಬಿಟಿಯು ಅಂದರೆ ಎಷ್ಟು ವ್ಯಾಟ್?

ಕೊಲ್ಲಿಯಲ್ಲಿ ಹಲವು ವರ್ಷ ದುಡಿದು ಮಂಗಳೂರಿಗೆ ಮರಳಿದ ಒಂದು ಕುಟುಂಬ ಎಂದುಕೊಳ್ಳಿ. ಮನೆ ಸಾಮಾನಿನ ಜೊತೆ ಅಲ್ಲಿನ ಏಸಿಯೂ ಬಂದಿದೆ. ಅದರ ಬದಿಗೆ ಅಂಟಿಸಿದ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ 18,000 ಬಿಟಿಯು ಪ್ರತಿ ಗಂಟೆಗೆ ಎಂದಿದೆ. ಮನೆಯ ಮಗ ಫೋನಿನಲ್ಲಿ ಲೆಕ್ಕ ಹಾಕಿ, ‘5,275 ವ್ಯಾಟ್!’ ಎಂದ. ಐದೂಕಾಲು ಕಿಲೋವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 23 ಆಂಪಿಯರ್. ಗೋಡೆಯಲ್ಲಿರುವ 16 ಆಂಪಿಯರ್ ಸಾಕೆಟ್ ಸುಟ್ಟೇ ಹೋಗುತ್ತದೆ ಎಂದು ಎಲ್ಲರಿಗೂ ದಿಗಿಲು.

ಮಗನ ಗುಣಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಆ ವ್ಯಾಟ್ ಯಾವುದರದ್ದು ಎಂಬುದರಲ್ಲಿ.

ಬಿಟಿಯು ಶಾಖದ ಹಳೆಯ ಬ್ರಿಟಿಷ್ ಅಳತೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾಗುವ ಶಾಖ ಅದು. ಒಂದು ಬೆಂಕಿಕಡ್ಡಿ ಪೂರ್ತಿ ಉರಿದರೆ ಹೆಚ್ಚುಕಡಿಮೆ ಅಷ್ಟು ಶಾಖ ಬರುತ್ತದೆ. ಈಗಿನ ಅಳತೆಯಲ್ಲಿ ಅದು 1,055 ಜೌಲ್. ಗಂಟೆಗೆ 3,600 ಸೆಕೆಂಡು, ಸೆಕೆಂಡಿಗೆ ಒಂದು ಜೌಲ್ ಎಂದರೆ ಒಂದು ವ್ಯಾಟ್. ಹಾಗಾಗಿ 1,055ನ್ನು 3,600ರಿಂದ ಭಾಗಿಸಿದರೆ 0.293. ಪಟ್ಟಿಯ ಬಿಟಿಯುವನ್ನು ಈ ಅಂಕಿಯಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಅದನ್ನು ಸಾವಿರದಿಂದ ಭಾಗಿಸಿದರೆ ಕಿಲೋವ್ಯಾಟ್.

ಬಾಯಿಲೆಕ್ಕಕ್ಕೂ ದಾರಿ ಇದೆ. 18,000ವನ್ನು ಮೂರರಿಂದ ಗುಣಿಸಿ ಒಂದು ಸೊನ್ನೆ ತೆಗೆದರೆ 5,400. ಅದರಲ್ಲಿ ನೂರಕ್ಕೆ ಎರಡರಂತೆ ಕಳೆದರೆ 5,292. ನಿಜವಾದ ಉತ್ತರಕ್ಕೆ ಇಷ್ಟು ಹತ್ತಿರ ಬಂದರೆ ಅಂಗಡಿಯಲ್ಲಿ ನಿಂತು ಹೋಲಿಸಲು ಸಾಕು. ನಮ್ಮಲ್ಲಿ ರೂಢಿಯಲ್ಲಿರುವ ‘ಟನ್’ ಕೂಡ ಇದೇ ಮನೆತನದ್ದು: ಒಂದು ಟನ್ ಎಂದರೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್. ಹಿಂದೆ ಅಮೆರಿಕದ 2,000 ಪೌಂಡಿನ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖವನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಮಂಗಳೂರಿನ ಮನೆಗೆ ಬಂದಿದ್ದು ಹಾಗಾದರೆ ಒಂದೂವರೆ ಟನ್ನಿನ ಏಸಿ.

ಈಗ ಆ 5,275 ವ್ಯಾಟ್ ಏನೆಂದು ನೋಡೋಣ. ಅದು ಏಸಿ ಕುಡಿಯುವ ಕರೆಂಟ್ ಅಲ್ಲ, ಕೋಣೆಯಿಂದ ಹೊರಗೆ ಹಾಕುವ ಶಾಖ. ಏಸಿ ಶಾಖವನ್ನು ಹುಟ್ಟಿಸುವುದಿಲ್ಲ, ಇಲ್ಲಿಂದ ಅಲ್ಲಿಗೆ ಸಾಗಿಸುತ್ತದೆ. ಸಾಗಿಸುವ ಕೂಲಿ ಸರಕಿಗಿಂತ ಕಡಿಮೆ. ಅದೇ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪವರ್ ಇನ್‌ಪುಟ್ 1,650 ವ್ಯಾಟ್’ ಎಂದಿತ್ತು. ಕರೆಂಟ್ ಲೆಕ್ಕಕ್ಕೆ ಬೇಕಾದ್ದು ಅದು: 230 ವೋಲ್ಟಿಗೆ ಏಳು ಆಂಪಿಯರಿನ ಆಸುಪಾಸು. ಕಂಪ್ರೆಸರ್ ಎಂಟು ಗಂಟೆ ಪೂರ್ತಿ ಬಲದಲ್ಲಿ ಓಡಿದರೂ 13.2 ಯೂನಿಟ್. ಮಗನ ಲೆಕ್ಕ ಹಿಡಿದಿದ್ದರೆ 42 ಯೂನಿಟ್ ಆಗುತ್ತಿತ್ತು.

ಸಾಗಿಸಿದ 5,275ನ್ನು ತಿಂದ 1,650ರಿಂದ ಭಾಗಿಸಿದರೆ 3.2 ಬರುತ್ತದೆ. ಒಂದು ವ್ಯಾಟ್ ಕರೆಂಟಿಗೆ 3.2 ವ್ಯಾಟ್ ಶಾಖ ಹೊರಗೆ ಹೋಗುತ್ತದೆ ಎಂದರ್ಥ. ಇಲ್ಲಿ ಇನ್ನೊಂದು ಎಡವಟ್ಟಿದೆ. ಅಮೆರಿಕದ ರೂಢಿಯಲ್ಲಿ ಇದೇ ದಕ್ಷತೆಯನ್ನು ಬಿಟಿಯುವನ್ನೇ ವ್ಯಾಟಿನಿಂದ ಭಾಗಿಸಿ 10.9 ಎಂದು ಬರೆಯುತ್ತಾರೆ. ಅದನ್ನು 3.2ರ ಪಕ್ಕ ಇಟ್ಟು ‘ಮೂರು ಪಟ್ಟು ಒಳ್ಳೆಯ ಏಸಿ’ ಎಂದು ಹಿಗ್ಗುವಂತಿಲ್ಲ. 10.9ನ್ನು 3.412ರಿಂದ ಭಾಗಿಸಿದರೆ ಅದೇ 3.2.

ಕೊಲ್ಲಿಯ ಪಟ್ಟಿಗಳಲ್ಲಿ ಕೆಲವೊಮ್ಮೆ ಎರಡು ಸಾಲು ಅಂಕಿಗಳಿರುತ್ತವೆ: ಟಿ1, ಟಿ3. ಮೊದಲನೆಯದು ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅಳೆದದ್ದು, ಎರಡನೆಯದು ಮರುಭೂಮಿಯ 46 ಡಿಗ್ರಿಯಲ್ಲಿ. ಈ ಏಸಿಯ ಟಿ3 ಸಾಲಿನಲ್ಲಿ 15,800 ಬಿಟಿಯು, 2,050 ವ್ಯಾಟ್ ಎಂದಿದ್ದರೆ ಸಾಗುವ ಶಾಖ 4.6 ಕಿಲೋವ್ಯಾಟಿಗೆ ಇಳಿದು, ತಿನ್ನುವ ಕರೆಂಟ್ ಏರಿದೆ ಎಂದಾಯಿತು. ಹೊರಗಿನ ಬಿಸಿ ಗಾಳಿಗೇ ಶಾಖ ತಳ್ಳಲು ಕಂಪ್ರೆಸರ್ ಹೆಚ್ಚು ಒದ್ದಾಡಬೇಕಲ್ಲ! ಎರಡು ಏಸಿ ಹೋಲಿಸುವಾಗ ಒಂದರ ಟಿ1, ಇನ್ನೊಂದರ ಟಿ3 ಹಿಡಿದರೆ ಹೋಲಿಕೆ ಕೆಟ್ಟಂತೆ. ಮಂಗಳೂರಿನ ಸೆಕೆಗೆ ಟಿ1 ಸಾಲೇ ಹತ್ತಿರ.

ವೈರಿಂಗಿಗೆ ಮಾತ್ರ ಈ ಯಾವ ಸಾಲೂ ಅಲ್ಲ. ಪಟ್ಟಿಯಲ್ಲಿ ‘ಗರಿಷ್ಠ ಇನ್‌ಪುಟ್’ ಎಂಬ ಮೂರನೇ ಅಂಕಿ ಇರುತ್ತದೆ. ಮರುದಿನ ಬಂದ ಎಲೆಕ್ಟ್ರಿಶಿಯನ್ ಬಿಟಿಯು ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೆರಳಿನಿಂದ ಧೂಳು ಒರೆಸಿ 2,500 ವ್ಯಾಟ್ ಎಂದು ಓದಿದ. ಹನ್ನೊಂದು ಆಂಪಿಯರ್ ಎಂದು ಗುಣುಗಿದ. ‘ಅಣ್ಣಾ, ಸಾಕೆಟ್ ಇದೇ ಸಾಕು, ಆದರೆ ಗೀಸರ್ ಲೈನಿಗೆ ಸೇರಿಸಬೇಡಿ’ ಎಂದು ಮೀಟರ್ ಬೋರ್ಡಿನಿಂದ ಬೇರೆ ವೈರ್ ಎಳೆಯತೊಡಗಿದ.